ಹಿಂದಿನ ತಾರೀಖಿನಿಂದ ಮುಂದಿನ ತಾರೀಖು: ಮನೆಮಂದಿಯ ಲಸಿಕೆ, ತಪಾಸಣೆಗಳ ಲೆಕ್ಕ

ಮುಂಬಯಿಯ ನಮ್ಮ ಮನೆಗಳಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ಊರಲ್ಲೇ, ತವರಿನಲ್ಲೇ ಆಗುತ್ತದೆ. ಮಗುವಿನ ಮೊದಲ ಚುಚ್ಚುಮದ್ದುಗಳು ಉಡುಪಿಯ ಕಡೆಯೋ ಕುಂದಾಪುರದ ಕಡೆಯೋ ಆಗಿರುತ್ತವೆ. ಬಾಣಂತನ ಮುಗಿಸಿ ತಾಯಿ ಮುಂಬಯಿಗೆ ಬಂದ ಮೇಲೆ ಉಳಿದವು ಇಲ್ಲಿನ ಮಹಾನಗರಪಾಲಿಕೆಯ ದವಾಖಾನೆಯಲ್ಲಿ. ತಪ್ಪುವುದು ಹೆಚ್ಚಾಗಿ ಈ ಎರಡರ ನಡುವೆಯೇ. ತಾಯಿ ಕಾರ್ಡಿನಲ್ಲಿ ಮುಂದಿನ ತಾರೀಖನ್ನು ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ರೈಲಿನ ಟಿಕೆಟು ಸಿಗದೆ, ಮಗುವಿಗೆ ಜ್ವರ ಬಂದು ಆ ದಿನ ದಾಟಿತೆಂದರೆ, ಅದರ ಕೆಳಗೆ ಬರೆದಿದ್ದ ತಾರೀಖುಗಳೂ ಸುಳ್ಳಾಗುತ್ತವೆ. ಅವನ್ನು ಮತ್ತೆ ಲೆಕ್ಕ ಹಾಕುವುದು ಹೇಗೆ ಎನ್ನುವುದೇ ಈ ಬರಹದ ವಿಷಯ.

ಪೆಂಟಾವೇಲೆಂಟ್ ಲಸಿಕೆಯನ್ನೇ ತೆಗೆದುಕೊಳ್ಳೋಣ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ರೋಗಾಣು, ಈ ಐದಕ್ಕೂ ಸೇರಿ ಒಂದೇ ಸೂಜಿ. ಸರ್ಕಾರದ ಪಟ್ಟಿಯ ಪ್ರಕಾರ ಮಗುವಿಗೆ 6, 10 ಮತ್ತು 14 ವಾರ ತುಂಬಿದಾಗ ಮೂರು ಡೋಸು ಕೊಡಬೇಕು. ಈ ಸಾಲಿನೊಳಗೆ ಎರಡು ನಿಯಮ ಅಡಗಿವೆ. ಒಂದು, ಮಗುವಿಗೆ ಅಷ್ಟು ವಾರ ತುಂಬಿರಬೇಕು. ಎರಡು, ಹಿಂದಿನ ಡೋಸು ಕೊಟ್ಟು ಕನಿಷ್ಠ ನಾಲ್ಕು ವಾರ, ಎಂದರೆ 28 ದಿನ ಕಳೆದಿರಬೇಕು. ಹಿಂದಿನ ಡೋಸಿಗೆ ದೇಹ ಸ್ಪಂದಿಸಿ ಮುಗಿಯುವ ಮೊದಲೇ ಇನ್ನೊಂದು ಕೊಟ್ಟರೆ ಅದರಿಂದ ಆಗಬೇಕಾದಷ್ಟು ಪ್ರಯೋಜನ ಆಗುವುದಿಲ್ಲ. ಎರಡು ನಿಯಮಗಳಿಂದ ಎರಡು ತಾರೀಖು ಸಿಗುತ್ತವೆ. ಅವುಗಳಲ್ಲಿ ಯಾವುದು ಆಮೇಲೆ ಬರುತ್ತದೋ ಅದೇ ಸರಿಯಾದ ತಾರೀಖು.

ಉದಾಹರಣೆಗೆ, ಮಗು ಹುಟ್ಟಿದ್ದು 2025ರ ಜನವರಿ 10ರಂದು ಎಂದಿಟ್ಟುಕೊಳ್ಳಿ. ಆರು ವಾರ ತುಂಬುವುದು ಫೆಬ್ರವರಿ 21ಕ್ಕೆ. ಮೊದಲ ಡೋಸು ಮೂರು ದಿನ ತಡವಾಗಿ ಫೆಬ್ರವರಿ 24ರಂದು ಆಯಿತು. ಹುಟ್ಟಿದ ದಿನದಿಂದ ಎಣಿಸಿದರೆ ಎರಡನೆಯದು ಮಾರ್ಚ್ 21ಕ್ಕೆ, ಮೊದಲ ಡೋಸಿನಿಂದ ಎಣಿಸಿದರೆ ಮಾರ್ಚ್ 24ಕ್ಕೆ. ಹಾಗಾಗಿ 24 ಸರಿ. ಆದರೆ ಆ ಹೊತ್ತಿಗೆ ತಾಯಿ ಮಗು ಮುಂಬಯಿಗೆ ಹೊರಡುವ ಗಡಿಬಿಡಿ, ಬಂದ ಮೇಲೆ ಮಗುವಿಗೆ ಜ್ವರ. ಅಂತೂ ಎರಡನೆಯ ಡೋಸು ಆದದ್ದು ಏಪ್ರಿಲ್ 16, ಬುಧವಾರ.

ಈಗ ಕಾರ್ಡು ನೋಡಿ. ಊರಿನ ಆಶಾ ಕಾರ್ಯಕರ್ತೆ ಮೂರನೆಯ ಡೋಸಿಗೆಂದು ಪೆನ್ಸಿಲಿನಲ್ಲಿ ಬರೆದದ್ದು ಏಪ್ರಿಲ್ 18. ಹುಟ್ಟಿದ ದಿನದಿಂದ 14 ವಾರಕ್ಕೆ ಅದು ಸರಿಯೇ. ಆದರೆ ಎರಡನೆಯ ಡೋಸು ಆಗಿ ಎರಡೇ ದಿನ! ಏಪ್ರಿಲ್ 16ಕ್ಕೆ 28 ದಿನ ಕೂಡಿಸಿದರೆ ಮೇ 14 ಬರುತ್ತದೆ. ಮೂರನೆಯ ಡೋಸಿಗೆ ಹೋಗಬೇಕಾದದ್ದು ಅಂದು, ಇಲ್ಲವೇ ಅದರ ನಂತರದ ಮೊದಲ ಲಸಿಕೆ ದಿನ. 18ಕ್ಕೇ ಹೋದರೆ ದವಾಖಾನೆಯ ಸಿಸ್ಟರ್ ವಾಪಸು ಕಳುಹಿಸುತ್ತಾರೆ. ಹಾಗೆ ವಾಪಸು ಬಂದವರು ಮತ್ತೆ ಯಾವಾಗ ಹೋಗಬೇಕೆಂದು ಕೇಳಿಕೊಳ್ಳದೆ, ಮೂರನೆಯ ಡೋಸೇ ಬಿಟ್ಟುಹೋಗುವುದುಂಟು. ನಾಯಿಕೆಮ್ಮು ಜೀವಕ್ಕೆ ಕುತ್ತಾಗುವುದು ಇಷ್ಟು ಚಿಕ್ಕ ಮಕ್ಕಳಲ್ಲೇ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬೇಕು.

ಕೈಲೆಕ್ಕ ಮಾಡುವವರಿಗೆ ಒಂದು ಸುಲಭದ ತಾಳೆ ಇದೆ. ನಾಲ್ಕು ವಾರ ಕೂಡಿಸಿದಾಗ ವಾರ ಬದಲಾಗುವುದಿಲ್ಲ. ಏಪ್ರಿಲ್ 16 ಬುಧವಾರ, ಮೇ 14 ಕೂಡ ಬುಧವಾರ. ಬೇರೆ ವಾರ ಬಂದರೆ ಎಣಿಕೆ ತಪ್ಪಿದೆ ಎಂದೇ ಅರ್ಥ.

ತಡವಾಯಿತೆಂದು ಮೊದಲಿನಿಂದ ಶುರುಮಾಡಬೇಕೆ? ಬೇಡ. ಆದ ಡೋಸು ಆದ ಹಾಗೆಯೇ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಈ ಮಗುವಿನ ವಿಷಯದಲ್ಲಿ ತಡವಾದದ್ದು ಮುಂದಕ್ಕೆ ತಾನಾಗಿಯೇ ಸರಿಹೋಗುತ್ತದೆ. ದಡಾರ-ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದ ಮೇಲೆ, ಎಂದರೆ ಅಕ್ಟೋಬರ್ 10ರಿಂದ. ಅದು ಪೆಂಟಾ ಡೋಸಿಗೆ ಕಾಯುವುದಿಲ್ಲ. ಡಿಪಿಟಿ ಬೂಸ್ಟರಿಗೆ 16 ತಿಂಗಳು ತುಂಬಬೇಕು, ಪೆಂಟಾದ ಮೂರನೆಯ ಡೋಸಿನಿಂದ ಆರು ತಿಂಗಳೂ ಆಗಿರಬೇಕು. ಮೊದಲ ಲೆಕ್ಕದಲ್ಲಿ 2026ರ ಮೇ 10, ಎರಡನೆಯದರಲ್ಲಿ 2025ರ ನವೆಂಬರ್ 14. ಆಮೇಲೆ ಬರುವುದು ಮೇ 10. ಏಪ್ರಿಲಿನಲ್ಲಿ ಆದ ತಡದ ಗುರುತೂ ಅಲ್ಲಿ ಉಳಿಯುವುದಿಲ್ಲ. ಆದರೆ ಕೆಲವಕ್ಕೆ ಕಡೆಯ ಗಡುವೂ ಉಂಟು. ಹುಟ್ಟಿದಾಗ ಕೊಡುವ ಹೆಪಟೈಟಿಸ್ ಬಿ 24 ಗಂಟೆಯೊಳಗೆ ಆಗಬೇಕು. ಹುಟ್ಟಿದಾಗಿನ ಪೋಲಿಯೋ ಹನಿಗೆ 15 ದಿನ ಮಿತಿ. ಸರ್ಕಾರಿ ಪಟ್ಟಿಯಲ್ಲಿ ಬಿಸಿಜಿಗೆ ಒಂದು ವರ್ಷದವರೆಗೆ ಅವಕಾಶ.

ಇದನ್ನೆಲ್ಲ ಮೊಬೈಲಿನ ಗೂಗಲ್ ಶೀಟ್ಸಿನಲ್ಲಿ ಅಥವಾ ಎಕ್ಸೆಲಿನಲ್ಲಿ ಇಡುವುದು ಕಷ್ಟವಲ್ಲ. ಒಬ್ಬರ ಒಂದು ಲಸಿಕೆಗೆ ಅಥವಾ ಒಂದು ಪರೀಕ್ಷೆಗೆ ಒಂದು ಸಾಲು. A ಕಾಲಮಿನಲ್ಲಿ ಹೆಸರು, B ಯಲ್ಲಿ ಹುಟ್ಟಿದ ದಿನ, C ಯಲ್ಲಿ ಲಸಿಕೆ ಅಥವಾ ಪರೀಕ್ಷೆ, D ಯಲ್ಲಿ ಹಿಂದಿನ ಸಲ ನಿಜವಾಗಿ ಆದ ದಿನ, E ಯಲ್ಲಿ ಎಷ್ಟು ತಿಂಗಳ ಅಂತರ. ಮಗುವಿನ ಮೂರನೆಯ ಪೆಂಟಾ ಎರಡನೆಯ ಸಾಲಿನಲ್ಲಿದ್ದರೆ F ನಲ್ಲಿ ಹೀಗೆ ಬರೆಯಬೇಕು:

```
=MAX(B2+98, D2+28)
```

98 ಎಂದರೆ 14 ವಾರ. MAX ಎರಡರಲ್ಲಿ ನಂತರದ ದಿನವನ್ನು ಆರಿಸುತ್ತದೆ. ಉತ್ತರ ಐದಂಕಿಯ ಸಂಖ್ಯೆಯಾಗಿ ಕಂಡರೆ ಹೆದರಬೇಡಿ, ಆ ಚೌಕದ ಫಾರ್ಮ್ಯಾಟನ್ನು ದಿನಾಂಕಕ್ಕೆ ಬದಲಿಸಿ. ದೊಡ್ಡವರ ತಪಾಸಣೆಗೆ ತಿಂಗಳ ಲೆಕ್ಕ ಸಾಕು:

```
=IF(D5="","",EDATE(D5,E5))
```

ಮೊದಲ ಭಾಗ ಏಕೆಂದರೆ, D ಖಾಲಿ ಇದ್ದಾಗ ಶೀಟು ಸುಮ್ಮನಿರದೆ 1900ನೇ ಇಸವಿಯ ಯಾವುದೋ ದಿನ ತೋರಿಸುತ್ತದೆ.

ನಿಜವಾದ ಅಪಾಯ ಇರುವುದು ತಾರೀಖು ಬರೆಯುವ ರೀತಿಯಲ್ಲಿ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಶೀಟು ಅಮೆರಿಕದ ಪದ್ಧತಿಗೆ ಹೊಂದಿಸಿದ್ದರೆ ತಿಂಗಳು ಮೊದಲು ಎಂದು ಓದುತ್ತದೆ. ಅಂಥ ಶೀಟಿನಲ್ಲಿ 16/04/2025 ಎಂದು ಬರೆದರೆ, ಹದಿನಾರನೆಯ ತಿಂಗಳು ಇಲ್ಲವಾದ್ದರಿಂದ ಅದು ಬರೀ ಅಕ್ಷರವಾಗಿ ಚೌಕದ ಎಡಕ್ಕೆ ಅಂಟಿಕೊಳ್ಳುತ್ತದೆ, ಲೆಕ್ಕದಲ್ಲಿ #VALUE! ಬರುತ್ತದೆ. ಇದು ಒಳ್ಳೆಯದೇ, ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ 10/01/2025 ಎಂಬ ಹುಟ್ಟಿದ ದಿನವನ್ನು ಅದು ಸದ್ದಿಲ್ಲದೆ ಅಕ್ಟೋಬರ್ 1 ಎಂದು ತೆಗೆದುಕೊಳ್ಳುತ್ತದೆ. ಆಗ 14 ವಾರ ತುಂಬುವುದು 2026ರ ಜನವರಿ 7ಕ್ಕೆ! ದಿನ 12ರೊಳಗಿನ ಸಂಖ್ಯೆಯಾದಾಗಲೆಲ್ಲ ಈ ಮೋಸ ಆಗಬಹುದು. 10-Jan-2025 ಎಂದು ತಿಂಗಳ ಹೆಸರನ್ನೇ ಬರೆದರೆ ಈ ತೊಂದರೆ ಇಲ್ಲ. ಹಾಕಿದ ತಾರೀಖುಗಳು ಚೌಕದ ಬಲಬದಿಗೆ ನಿಂತಿವೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಇನ್ನು ಅದೇ ಮನೆಯ ಅಜ್ಜಿ. ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ 2024ರ ನವೆಂಬರ್ 30ರಂದು ಆಯಿತು. ಸಕ್ಕರೆ ಹತೋಟಿಯಲ್ಲಿರಲಿಲ್ಲ, ಡಾಕ್ಟರು ಮಾತ್ರೆ ಬದಲಿಸಿದರು. ಹಾಗಾದಾಗ ಅಂತರ 3 ತಿಂಗಳು. ಫೆಬ್ರವರಿಯಲ್ಲಿ 30ನೇ ತಾರೀಖು ಇಲ್ಲದ್ದರಿಂದ ಶೀಟು ಫೆಬ್ರವರಿ 28 ಎನ್ನುತ್ತದೆ, ಅದು ಸರಿ. ಅಜ್ಜಿ ಹೋದದ್ದು ಮಾರ್ಚ್ 5ಕ್ಕೆ, ಈ ಸಲ ಫಲಿತಾಂಶ ಚೆನ್ನಾಗಿತ್ತು. ಹತೋಟಿಯಲ್ಲಿ ಸ್ಥಿರವಾಗಿದ್ದವರಿಗೆ ಆರು ತಿಂಗಳಿಗೊಮ್ಮೆ ಸಾಕೆಂದು ಡಾಕ್ಟರು ಹೇಳಿದರೆ E ಯಲ್ಲಿ 3 ಅಳಿಸಿ 6 ಹಾಕಬೇಕು. ಮುಂದಿನದು ಸೆಪ್ಟೆಂಬರ್ 5. ಮಗುವಿನ ಪಟ್ಟಿಯಲ್ಲಿ ಅಂತರ ಗಟ್ಟಿ, ಅಜ್ಜಿಯ ಪಟ್ಟಿಯಲ್ಲಿ ಪ್ರತಿ ರಿಪೋರ್ಟೂ ಮುಂದಿನ ಅಂತರವನ್ನು ಬದಲಿಸಬಹುದು. ತಾರೀಖು ಮಾತ್ರ ಬರೆದು ಅಂತರವನ್ನು ಹಾಗೇ ಬಿಟ್ಟರೆ ಪಟ್ಟಿ ಹಳಸಿಹೋಗುತ್ತದೆ. ಮೂರು ತಿಂಗಳಿಗಿಂತ ಮೊದಲೇ ಈ ಪರೀಕ್ಷೆ ಮಾಡಿಸಿದರೂ ದುಡ್ಡು ದಂಡ, ಹಿಂದಿನ ದಿನಗಳ ಸಕ್ಕರೆಯೇ ಅದರಲ್ಲಿ ಬೆರೆತಿರುತ್ತದೆ.

ವರ್ಷಕ್ಕೊಮ್ಮೆಯ ಪರೀಕ್ಷೆಗಳಲ್ಲಿ ಇನ್ನೊಂದು ತೊಡಕಿದೆ. ಸಕ್ಕರೆ ಕಾಯಿಲೆಯವರು ಕಣ್ಣಿಗೆ ಹನಿ ಹಾಕಿಸಿ ಮಾಡುವ ಅಕ್ಷಿಪಟಲದ ಪರೀಕ್ಷೆಯನ್ನೂ, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು. ಪ್ರತಿ ವರ್ಷ ಒಂದು ತಿಂಗಳು ತಡಮಾಡಿ, ತಡವಾದ ದಿನದಿಂದಲೇ ಮುಂದಿನದನ್ನು ಎಣಿಸುತ್ತ ಹೋದರೆ 12 ಪರೀಕ್ಷೆಗೆ 13 ವರ್ಷ ಬೇಕಾಗುತ್ತದೆ. ಈ ಎರಡನ್ನು ಮಾತ್ರ ಹಿಂದಿನ ತಾರೀಖಿಗೆ ಕಟ್ಟದೆ ಅಜ್ಜಿಯ ಹುಟ್ಟುಹಬ್ಬದ ತಿಂಗಳಿಗೆ ಕಟ್ಟುವುದು ನನಗೆ ಸರಿಕಾಣುತ್ತದೆ. ಮಗುವಿನ ಡೋಸು ಮೊದಲೇ ಆಗಬಾರದು, ಇವು ಒಂದು ತಿಂಗಳು ಮೊದಲೇ ಆದರೂ ಬಾಧಕವಿಲ್ಲ. ಮೂತ್ರಪಿಂಡ ಕೆಡುತ್ತಿರುವ ಸುಳಿವು ಸಾಮಾನ್ಯವಾಗಿ ಮೊದಲು ಮೂತ್ರದ ಆಲ್ಬುಮಿನ್‌ನಲ್ಲಿ ಸಿಗುತ್ತದೆ, ರಕ್ತದ ಕ್ರಿಯಾಟಿನಿನ್ ಏರುವುದು ಎಷ್ಟೋ ಆಮೇಲೆ. ಡಯಾಲಿಸಿಸ್ ನೆರವಿಗೆ ಬರುವ ಅರ್ಜಿಗಳ ಹಿಂದೆ ಇಂಥ ಕಳೆದುಹೋದ ವರ್ಷಗಳೂ ಇರುತ್ತವೆ.

ಫ್ಲೂ ಲಸಿಕೆಯನ್ನಂತೂ ಹಿಂದಿನ ತಾರೀಖಿನಿಂದ ಎಣಿಸಲೇಬಾರದು. ಅದು ಋತುವಿಗೆ ಸೇರಿದ್ದು. ಅಜ್ಜಿ ಅಕ್ಟೋಬರಿನಲ್ಲಿ ಹಾಕಿಸಿಕೊಂಡಿದ್ದರೆ, 12 ತಿಂಗಳು ಕೂಡಿಸಿದಾಗ ಮತ್ತೆ ಅಕ್ಟೋಬರ್. ಮುಂಬಯಿಯಲ್ಲಿ ಫ್ಲೂ ಜೋರಾಗುವ ಮಳೆಗಾಲ ಅಷ್ಟರಲ್ಲಿ ಕಳೆದಿರುತ್ತದೆ. ಡಾಕ್ಟರನ್ನು ಕೇಳಿ ಒಮ್ಮೆ ಮಳೆಗಾಲದ ಮುಂಚಿನ ಮೇ ತಿಂಗಳಿಗೆ ತಂದುಕೊಂಡು, ಶೀಟಿನಲ್ಲಿ ಸೂತ್ರದ ಬದಲು ಪ್ರತಿ ವರ್ಷ ಮೇ ತಿಂಗಳ ಒಂದು ದಿನವನ್ನು ಕೈಯಲ್ಲೇ ಬರೆಯಿರಿ.

ಮಗುವಿನ ಅಪ್ಪನ ಸಾಲು ಚಿಕ್ಕದು: ಧನುರ್ವಾಯುವಿನ ಟಿಡಿ, ಹತ್ತು ವರ್ಷಕ್ಕೊಮ್ಮೆ, E ಯಲ್ಲಿ 120. ಗಾಯವಾದಾಗ ಹಾಕಿಸಿಕೊಂಡ ಇಂಜೆಕ್ಷನ್ನನ್ನೂ D ಯಲ್ಲಿ ಬರೆದಿಡಿ. ಹಿಂದಿನ ಡೋಸುಗಳು ಪೂರ್ತಿ ಆಗಿರುವವರಿಗೆ ಸಣ್ಣ, ಸ್ವಚ್ಛ ಗಾಯಕ್ಕೆ ಹತ್ತು ವರ್ಷದೊಳಗೆ ಮತ್ತೆ ಬೇಕಿಲ್ಲ, ಕೊಳಕು ಗಾಯಕ್ಕಾದರೆ ಐದು ವರ್ಷದ ಲೆಕ್ಕ. ತಾರೀಖು ಗೊತ್ತಿಲ್ಲದ್ದರಿಂದಲೇ ತಗಡು ಗೀರಿದಾಗಲೆಲ್ಲ ಒಂದೊಂದು ಚುಚ್ಚಿಸಿಕೊಳ್ಳುವುದು. ಊರಿನಿಂದ ಹೊರಡುವಾಗ ತಾಯಿ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿ ಯು-ವಿನ್‌ನಲ್ಲಿ ಯಾವ ಮೊಬೈಲ್ ನಂಬರಿನಲ್ಲಿ ಮಗುವಿನ ಹೆಸರು ದಾಖಲಾಗಿದೆ ಎಂದೂ ಕೇಳಿ ಬನ್ನಿ, ಇಲ್ಲಿನ ದವಾಖಾನೆಯಲ್ಲಿ ಮೊದಲು ಕೇಳುವುದು ಅದನ್ನೇ.