ಧ್ವನಿಮುದ್ರಿತ ಪಾಠದಿಂದ ಟಿಪ್ಪಣಿ

ಪಾಠವೊಂದರ ಧ್ವನಿಮುದ್ರಣವನ್ನು ಗಣಕಕ್ಕೆ ಒಪ್ಪಿಸಿ "ಇದರ ಟಿಪ್ಪಣಿ ಬೇಕು" ಎಂದಷ್ಟೇ ಹೇಳಿದರೆ ಮೂರು ಪ್ರಶ್ನೆಗಳು ಉಳಿಯುತ್ತವೆ. ಟಿಪ್ಪಣಿಯ ಭಾಷೆ ಯಾವುದು, ಉದ್ದವೆಷ್ಟು, ರೂಪವೆಂಥದು? ನಾವು ಹೇಳದಿದ್ದುದನ್ನು ಯಂತ್ರವು ಊಹಿಸಿಕೊಳ್ಳುತ್ತದೆ. ಆ ಊಹೆಯ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ.

ಸಿಂದಗಿ ಸೀಮೆಯ ಮೋರಟಗಿಯಲ್ಲಿ ಪದವಿಪೂರ್ವ ತರಗತಿಗೆ ಭೌತವಿಜ್ಞಾನದ ಪಾಠ ನಡೆಯಿತೆಂದು ಭಾವಿಸೋಣ. ಅವಧಿ 40 ನಿಮಿಷ. ವಿಷಯ, ಮೇಲಿನಿಂದ ಬೀಳುವ ವಸ್ತುವಿನ ಚಲನೆ. ಅಧ್ಯಾಪಕರು ಪಾಠದ ಹೆಸರನ್ನೂ ವ್ಯಾಖ್ಯೆಯನ್ನೂ ಮೊದಲು ಇಂಗ್ಲಿಷಿನಲ್ಲಿ ಓದುತ್ತಾರೆ. ಆಮೇಲಿನ ವಿವರಣೆಯೆಲ್ಲ ಕನ್ನಡ.

ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ವ್ಯವಸ್ಥೆ 2022ರಲ್ಲಿ ಹೊರಬಂದಿತು. ಅದು ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಓದುತ್ತದೆ. ಭಾಷೆಯನ್ನು ತಿಳಿಸದಿದ್ದಲ್ಲಿ, ಆರಂಭದ ತುಂಡನ್ನು ಮಾತ್ರ ಕೇಳಿ ಭಾಷೆಯನ್ನು ನಿಶ್ಚಯಿಸುತ್ತದೆ. ನಮ್ಮ ಪಾಠದಲ್ಲಿ ಅಂಥ ತುಂಡುಗಳು ಸುಮಾರು 80. ಮೊದಲನೆಯದು ಇಂಗ್ಲಿಷಾದುದರಿಂದ ಉಳಿದ ಕನ್ನಡವನ್ನೂ ಇಂಗ್ಲಿಷೆಂದೇ ಬಗೆದು ಬರೆಯಲು ಹೊರಡುತ್ತದೆ. ಆಗ ಒಂದೇ ವಾಕ್ಯ ಮತ್ತೆ ಮತ್ತೆ ಬರುವುದುಂಟು. ಯಾರೂ ಆಡದ, ಆದರೆ ನಯವಾದ ಇಂಗ್ಲಿಷ್ ವಾಕ್ಯಗಳು ಮೂಡುವುದೂ ಉಂಟು. ಎರಡನೆಯದೇ ಹೆಚ್ಚು ಅಪಾಯಕರ, ಏಕೆಂದರೆ ಅದು ಕಣ್ಣಿಗೆ ಸರಿಯಾಗಿಯೇ ತೋರುತ್ತದೆ.

ಆದುದರಿಂದ ಮುದ್ರಣವನ್ನು ಆದಿ, ಮಧ್ಯ, ಅಂತ್ಯಗಳಲ್ಲಿ ಒಂದೊಂದು ನಿಮಿಷ ನಾವೇ ಕೇಳಿ, ಹೆಚ್ಚು ಬಳಕೆಯಾದ ಭಾಷೆಯನ್ನು ಹೀಗೆ ತಿಳಿಸಬೇಕು:

```
whisper paatha.mp3 --language Kannada
```

ಇಷ್ಟಾದರೂ ಕನ್ನಡದ ಬರಹ ದೋಷರಹಿತವಾಗಿರದು. ಪಾರಿಭಾಷಿಕ ಪದಗಳೂ ಅಂಕಿಗಳೂ ಕೆಡುವುದುಂಟು.

ಇನ್ನು ಉದ್ದ. ಅದನ್ನು ಗಡಿಯಾರದಿಂದಲ್ಲ, ವಿಷಯದಿಂದ ಅಳೆಯಬೇಕು. ಹಾಜರಿಯನ್ನೂ ಪುನರುಕ್ತಿಯನ್ನೂ ಬಿಟ್ಟರೆ ಈ ಪಾಠದಲ್ಲಿ ಉಳಿಯುವುದು ಒಂದು ವ್ಯಾಖ್ಯೆ, ಒಂದು ಸೂತ್ರ, ಒಂದು ಲೆಕ್ಕ. ಒಂದು ಪುಟ ಸಾಕು. ರೂಪವೂ ಇದರಿಂದಲೇ ಹೊಳೆಯುತ್ತದೆ: ವ್ಯಾಖ್ಯೆಗೆ ಒಂದು ವಾಕ್ಯ, ಲೆಕ್ಕಕ್ಕೆ ಕ್ರಮವಾದ ಮೆಟ್ಟಿಲುಗಳು.

ಆದರೆ ಕಪ್ಪುಹಲಗೆ ಮಾತನಾಡುವುದಿಲ್ಲ. "ಇದರ ವರ್ಗವನ್ನು ಇಲ್ಲಿ ಹಾಕಿರಿ" ಎಂದು ಅಧ್ಯಾಪಕರು ಬೆರಳು ತೋರಿದರೆ ಮುದ್ರಣದಲ್ಲಿ ಉಳಿಯುವುದು "ಇದು", "ಇಲ್ಲಿ" ಎಂಬ ಮಾತುಗಳು ಮಾತ್ರ. ಅಂಥಲ್ಲಿ ಲೆಕ್ಕವನ್ನು ನಾವೇ ಮಾಡಿ ನೋಡಬೇಕು. ಬರಹದಲ್ಲಿ 2 ಸೆಕೆಂಡಿಗೆ 9.6 ಮೀಟರು ಎಂದಿದೆಯೆನ್ನಿ. h = ½gt² ಸೂತ್ರದಲ್ಲಿ g = 9.8 ಎಂದಿಟ್ಟರೆ ಬರುವುದು 19.6. ಬರಹದಲ್ಲಿ ಒಂದು ಅಂಕಿ ಬಿದ್ದುಹೋಗಿದೆಯೆಂಬುದು ಸ್ಪಷ್ಟ. ಆ ನಿಮಿಷವನ್ನು ಮತ್ತೆ ಕೇಳಿ ತಿದ್ದಬೇಕು. ಇದಕ್ಕಾಗಿ ಪ್ರತಿಯೊಂದು ಮೆಟ್ಟಿಲಿನ ಪಕ್ಕದಲ್ಲಿ ಮುದ್ರಣದ ನಿಮಿಷವನ್ನು ಗುರುತಿಸಿಡುವುದು ಒಳ್ಳೆಯದು.

ಟಿಪ್ಪಣಿಯ ತಲೆಯಲ್ಲಿ ನಮ್ಮ ಊಹೆಗಳನ್ನು ಒಂದು ಸಾಲಿನಲ್ಲಿ ಬರೆದಿಡಬೇಕು: "ಭಾಷೆ ಕನ್ನಡ, ಪಾರಿಭಾಷಿಕ ಪದಗಳು ಇಂಗ್ಲಿಷಿನವು; ಒಂದು ಪುಟ; ಪರೀಕ್ಷೆಯ ಓದಿಗಾಗಿ." ಕೇಳಿದವರಿಗೆ ಬೇರೆ ಬೇಕಿದ್ದರೆ ಎಲ್ಲಿ ತಿದ್ದಬೇಕೆಂಬುದು ಇದರಿಂದ ಕೂಡಲೇ ತಿಳಿಯುತ್ತದೆ.