ಬಂಕಿನ ಜಾಡಿ ಹೇಳುವುದೆಷ್ಟು?

2025ರ ಜೂನ್ ಕೊನೆಯ ವಾರ ಮಧ್ಯಪ್ರದೇಶದ ರತ್ಲಾಮ್ ಬಳಿ ಮುಖ್ಯಮಂತ್ರಿಯವರ ಬೆಂಗಾವಲಿಗೆ ಹೊರಟಿದ್ದ 19 ವಾಹನಗಳು ಡೀಸೆಲ್ ತುಂಬಿಸಿಕೊಂಡು ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದರ ಹಿಂದೆ ಒಂದು ನಿಂತುಬಿಟ್ಟವು. ಟ್ಯಾಂಕ್ ಬಿಚ್ಚಿ ನೋಡಿದರೆ ಡೀಸೆಲ್ ಜೊತೆ ನೀರು. ಸುದ್ದಿ ಓದಿದವರಲ್ಲಿ ಅನೇಕರಿಗೆ ಒಂದು ಪ್ರಶ್ನೆ ಬಂದಿರಬೇಕು: ಪ್ರತಿ ಬಂಕಿನಲ್ಲೂ ದಿನಾ ಬೆಳಗ್ಗೆ ಡೆನ್ಸಿಟಿ ನೋಡಿ ಬರೆಯುತ್ತಾರಲ್ಲ, ಅದರಲ್ಲಿ ನೀರು ಸಿಕ್ಕಿಬೀಳುವುದಿಲ್ಲವೇ?

ಸಿಕ್ಕಿಬೀಳುವುದಿಲ್ಲ. ನೀರು ಇದೆಯೇ ಎಂಬುದು ಒಂದು ಪರೀಕ್ಷೆ, ಸಾಂದ್ರತೆ ಸರಿಯಿದೆಯೇ ಎಂಬುದು ಇನ್ನೊಂದು. ಒಂದು ಲೀಟರ್ ಡೀಸೆಲ್ 830 ಗ್ರಾಂ ಆಸುಪಾಸು ತೂಗುತ್ತದೆ, ನೀರು ಸುಮಾರು ಒಂದು ಕಿಲೋ. ಡೀಸೆಲ್ ನೀರನ್ನು ಕರಗಿಸಿಕೊಳ್ಳುವುದು ಲೆಕ್ಕಕ್ಕೂ ಬಾರದಷ್ಟು ಕಡಿಮೆ. ಉಳಿದದ್ದೆಲ್ಲ ತಳಕ್ಕೆ ಇಳಿಯುತ್ತದೆ. ಜಾಡಿಯಲ್ಲಿ ತೇಲುವ ಹೈಡ್ರೋಮೀಟರ್ ಮೇಲಿನ ಡೀಸೆಲನ್ನಷ್ಟೇ ತೂಗಿ ನೋಡುತ್ತದೆ, ಅಡಿಯಲ್ಲಿ ಎರಡು ಬೆರಳು ನೀರು ನಿಂತಿದ್ದರೂ ಅದಕ್ಕೆ ಗೊತ್ತಾಗದು.

ಹಾಗಾಗಿ ನೀರಿನ ಪರೀಕ್ಷೆಗೆ ಮೊದಲ ಸಾಧನ ಕಣ್ಣು, ಜೊತೆಗೆ ಒಂದು ಶುದ್ಧ ಗಾಜಿನ ಬಾಟಲಿ. ಬಾಟಲಿ ಒಣಗಿರಬೇಕು, ತೊಳೆದು ಹಾಗೇ ತಂದ ಬಾಟಲಿಯಲ್ಲಿ ನೀರು ಕಾಣಿಸಿದರೆ ಅದು ಬಂಕಿನದೋ ನಲ್ಲಿಯದೋ ಹೇಳುವವರಾರು? ಮುಕ್ಕಾಲು ಭಾಗ ತುಂಬಿಸಿ, ಮುಚ್ಚಳ ಹಾಕಿ, ಒಮ್ಮೆ ಗಿರ್ರನೆ ತಿರುಗಿಸಿ ನಿಲ್ಲಿಸಿ. ಸುಳಿಯ ಕೆಳತುದಿಯಲ್ಲಿ ನೀರಿನ ಹನಿಗಳೂ ಕೊಳೆಯೂ ಒಟ್ಟುಗೂಡುತ್ತವೆ. ಆಮೇಲೆ ಬಾಟಲಿಯ ಹಿಂದೆ ಅಚ್ಚಾದ ಕಾಗದವೊಂದನ್ನು ಹಿಡಿಯಿರಿ. ಒಳ್ಳೆಯ ಇಂಧನದ ಮೂಲಕ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಅಕ್ಷರ ಮಸುಕಾಗಿ ಕಂಡರೆ ಸಣ್ಣ ಸಣ್ಣ ನೀರಿನ ಹನಿಗಳು ಇನ್ನೂ ತೇಲುತ್ತಿವೆ ಎಂದು ಅನುಮಾನಿಸಬಹುದು. ಡೀಸೆಲ್ ವಿಷಯದಲ್ಲಿ ಈ ಮಬ್ಬು ಮುಖ್ಯ ಸುಳಿವು. ಆದರೆ ಪಂಪಿನಿಂದ ಈಗಷ್ಟೇ ಬಿದ್ದ ಇಂಧನದಲ್ಲಿ ಗಾಳಿಯ ಗುಳ್ಳೆಗಳೂ ಮಬ್ಬು ಹಿಡಿಸುತ್ತವೆ. ಗುಳ್ಳೆ ಮೇಲಕ್ಕೆ ಏರಿ ಒಂದೆರಡು ನಿಮಿಷದಲ್ಲಿ ಮಾಯವಾಗುತ್ತದೆ, ನೀರು ನಿಧಾನವಾಗಿ ಕೆಳಗಿಳಿಯುತ್ತದೆ. ಅವಸರ ಮಾಡಬಾರದು.

ತಳದಲ್ಲಿ ಕಾಣುವುದು ನೀರೇ ಎಂದು ಖಚಿತವಾಗದಿದ್ದರೆ ಅಡುಗೆಮನೆಯ ಬಣ್ಣದ ಪುಡಿ ಚಿಟಿಕೆಯಷ್ಟು ಸಾಕು. ಜಿಲೇಬಿಗೆ ಹಾಕುವ ಈ ಬಣ್ಣ ನೀರಿನಲ್ಲಿ ಕರಗುತ್ತದೆ, ಡೀಸೆಲಿನಲ್ಲಿ ಕರಗದೆ ಪುಡಿಯಾಗಿಯೇ ತಳ ಸೇರುತ್ತದೆ. ತಳದಲ್ಲಿ ಬಣ್ಣದ ಪದರ ಎದ್ದರೆ ಅಲ್ಲಿ ನೀರಿದೆ. ಬಂಕಿನವರು ಭೂಗತ ಟ್ಯಾಂಕಿಗೆ ಇದೇ ಕೆಲಸವನ್ನು ವಾಟರ್ ಪೇಸ್ಟಿನಿಂದ ಮಾಡುತ್ತಾರೆ. ಡಿಪ್ ರಾಡಿನ ತುದಿಗೆ ಪೇಸ್ಟ್ ಸವರಿ ಟ್ಯಾಂಕಿನ ತಳ ಮುಟ್ಟುವವರೆಗೆ ಇಳಿಸಿ ತೆಗೆದರೆ, ನೀರು ತಾಕಿದಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗಿರುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ಸುತ್ತಲಿನ ಗುಂಡಿಯಲ್ಲಿ ನೀರು ನಿಂತು ಒಳಗೆ ಸೋರುವುದುಂಟು, ಆಗ ಈ ಪರೀಕ್ಷೆ ತಪ್ಪಿಸುವಂತಿಲ್ಲ.

ಇಷ್ಟೂ ಡೀಸೆಲಿಗೆ ಸರಿ. ಪೆಟ್ರೋಲಿನಲ್ಲಿ ಕಥೆ ಬೇರೆ, ಅದಕ್ಕೆ ಕಾರಣ ಎಥೆನಾಲ್.

ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ಇ20, ಅಂದರೆ ನೂರು ಭಾಗದಲ್ಲಿ ಇಪ್ಪತ್ತು ಭಾಗ ಎಥೆನಾಲ್ ಇರುವ ಪೆಟ್ರೋಲ್. ಎಥೆನಾಲಿಗೆ ನೀರೆಂದರೆ ಪ್ರೀತಿ. ಒಂದು ಲೀಟರ್ ಇ20ಯಲ್ಲಿ ಸುಮಾರು ಒಂದು ಚಮಚ, ಅಂದರೆ ಐದು ಎಂ.ಎಲ್.ನಷ್ಟು ನೀರು ಯಾವ ಗುರುತೂ ಕಾಣಿಸದೆ ಕರಗಿ ಹೋಗಬಲ್ಲದು. ಬಾಟಲಿ ತಿಳಿಯಾಗಿಯೇ ಇರುತ್ತದೆ. ಡೆನ್ಸಿಟಿ ಕೂಡ ಒಂದೆರಡು ಅಂಕೆ ಅಲುಗಿದರೆ ಹೆಚ್ಚು. ಈ ಮಿತಿ ದಾಟಿದ ಮೇಲೆ, ಅಥವಾ ರಾತ್ರಿಯ ಚಳಿಗೆ ಮಿತಿಯೇ ಕುಗ್ಗಿದಾಗ, ನೀರು ಒಂಟಿಯಾಗಿ ಬೇರ್ಪಡುವುದಿಲ್ಲ. ತನ್ನ ಜೊತೆ ಎಥೆನಾಲನ್ನೂ ಎಳೆದುಕೊಂಡು ಕೆಳಗಿಳಿಯುತ್ತದೆ. ಸಂಜೆ ಚೆನ್ನಾಗಿ ಓಡಿದ ಬೈಕು ಬೆಳಗ್ಗೆ ಸ್ಟಾರ್ಟ್ ಆಗದಿರುವುದಕ್ಕೆ ಇದೂ ಒಂದು ಕಾರಣ: ಟ್ಯಾಂಕಿನ ತಳದಿಂದ ಇಂಜಿನ್ನಿಗೆ ಹೋಗುತ್ತಿರುವುದು ಪೆಟ್ರೋಲಲ್ಲ, ನೀರು ಬೆರೆತ ಎಥೆನಾಲ್.

ಲೆಕ್ಕ ಹಾಕಿ ನೋಡೋಣ. ಮಲೆನಾಡಿನ ಮಳೆಗಾಲದಲ್ಲಿ ಒಂದು ಬೈಕಿನ ಟ್ಯಾಂಕಿನಿಂದ ಒಂದು ಲೀಟರ್ ಪೆಟ್ರೋಲ್ ಬಾಟಲಿಗೆ ಇಳಿಸಿದ್ದಾರೆ ಎನ್ನಿ. ಅದರೊಳಗೆ ಹೇಗೋ 30 ಎಂ.ಎಲ್. ನೀರು ಸೇರಿದೆ. ತುಸು ಹೊತ್ತು ಬಿಟ್ಟರೆ ಅಡಿಯಲ್ಲಿ ಕಾಣುವ ಪದರ 30 ಎಂ.ಎಲ್. ಅಲ್ಲ, 150 ಎಂ.ಎಲ್. ಆಸುಪಾಸು! ಗ್ಯಾರೇಜಿನಲ್ಲಿ ನಿಂತವರೆಲ್ಲ ‘ಕಾಲು ಭಾಗಕ್ಕೆ ಹತ್ತಿರ ನೀರೇ ಹಾಕಿದ್ದಾರೆ’ ಎಂದು ಕೂಗಾಡುವುದು ಇಲ್ಲಿಯೇ. ಆ ಪದರದಲ್ಲಿ ನೀರಿಗಿಂತ ಎಥೆನಾಲೇ ಹಲವು ಪಟ್ಟು ಹೆಚ್ಚು. ಮಾಮೂಲಿ ವಾಟರ್ ಪೇಸ್ಟು ಇಂಥ ಪದರದಲ್ಲಿ ಅರೆಬರೆ ಬಣ್ಣ ತೋರಿಸಿ ಮೋಸ ಮಾಡುತ್ತದೆ, ಅದಕ್ಕೇ ಎಥೆನಾಲ್ ಪೆಟ್ರೋಲಿಗೆ ಬೇರೆಯೇ ಪೇಸ್ಟ್ ಬಂದಿದೆ.

ಈಗ ಮೇಲಿನ ಪದರವನ್ನು ಮೆಲ್ಲಗೆ 500 ಎಂ.ಎಲ್. ಗಾಜಿನ ಜಾಡಿಗೆ ಬಗ್ಗಿಸಿ ಡೆನ್ಸಿಟಿ ನೋಡೋಣ. ಜಾಡಿ ಸಮನೆಲದ ಮೇಲೆ, ಗಾಳಿ ಬೀಸದ ಕಡೆ ಇರಬೇಕು. ಥರ್ಮಾಮೀಟರ್ ಇಳಿಸಿ ಉಷ್ಣಾಂಶ ನಿಲ್ಲುವವರೆಗೆ ಕಾಯಬೇಕು, ಹೈಡ್ರೋಮೀಟರನ್ನು ಮೆಲ್ಲಗೆ ಬಿಟ್ಟು ತುಸು ತಿರುಗಿಸಬೇಕು. ಅದು ಜಾಡಿಯ ಗೋಡೆಗೆ ಅಂಟದೆ ನಿಂತ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ಅಂಕೆ ಓದಬೇಕು. ಕಾಂಡದ ಬಳಿ ದ್ರವ ಚೂರು ಮೇಲೇರಿ ಅಂಟಿರುತ್ತದೆ, ಆ ಏರಿದ ಅಂಚನ್ನಲ್ಲ, ಚಪ್ಪಟೆಯಾದ ಮಟ್ಟವನ್ನು ಓದಬೇಕು. ಉಷ್ಣಾಂಶ 24 ಡಿಗ್ರಿ, ಅಂಕೆ 735 ಬಂತು ಎಂದಿಟ್ಟುಕೊಳ್ಳಿ.

735 ಎಂಬ ಅಂಕೆಯನ್ನು ಬಂಕಿನ ಫಲಕದ ಅಂಕೆಯ ಜೊತೆ ನೇರವಾಗಿ ಹೋಲಿಸುವುದೇ ಜನ ಮಾಡುವ ದೊಡ್ಡ ತಪ್ಪು. ಇಂಧನ ಬಿಸಿಯಾದಂತೆ ಹಿಗ್ಗಿ ಹಗುರಾಗುತ್ತದೆ. ಫಲಕದಲ್ಲಿರುವುದು 15 ಡಿಗ್ರಿಗೆ ಪರಿವರ್ತಿಸಿದ ಸಾಂದ್ರತೆ. ಬಂಕಿನಲ್ಲಿ ಇದಕ್ಕೆಂದೇ ಕೋಷ್ಟಕದ ಪುಸ್ತಕವಿರುತ್ತದೆ. ಅದು ಕೈಗೆ ಸಿಗದಿದ್ದರೆ ಪೆಟ್ರೋಲಿಗೆ ಒಂದು ಡಿಗ್ರಿಗೆ ಸುಮಾರು 0.9, ಡೀಸೆಲಿಗೆ 0.7 ಎಂದು ಹಿಡಿದರೆ ಅಂದಾಜು ಸಿಗುತ್ತದೆ. 24ರಿಂದ 15ಕ್ಕೆ ಒಂಬತ್ತು ಡಿಗ್ರಿ, ಅಂದರೆ ಸುಮಾರು 8 ಕೂಡಬೇಕು: 743. ಆ ದಿನ ಬಂಕಿನ ಫಲಕದಲ್ಲಿ 750 ಇತ್ತು ಎನ್ನೋಣ. ತೈಲ ಕಂಪನಿಗಳು ಒಪ್ಪುವ ವ್ಯತ್ಯಾಸ ಆಚೀಚೆ 3. ಇಲ್ಲಿ 7 ಕಡಿಮೆ.

ಹಗುರವಾದ ಯಾವುದೋ ಸಾಲ್ವೆಂಟ್ ಬೆರೆಸಿದ್ದಾರೆಂದು ಯಾರಿಗಾದರೂ ಅನಿಸುತ್ತದೆ. ಅಡಿಯ ಪದರವನ್ನು ಕಂಡವರಿಗೆ ಮಾತ್ರ ನಿಜ ತಿಳಿಯುತ್ತದೆ. ಎಥೆನಾಲ್ ಪೆಟ್ರೋಲಿಗಿಂತ ಭಾರ, 15 ಡಿಗ್ರಿಯಲ್ಲಿ 794ರಷ್ಟು. ಅದರ ಬಹುಪಾಲು ನೀರಿನ ಜೊತೆ ಕೆಳಗಿಳಿದಿದ್ದರಿಂದ ಮೇಲೆ ಉಳಿದದ್ದು ಹಗುರಾಗಿದೆ. ಭಾರವಾದ ನೀರು ಸೇರಿ ಸಾಂದ್ರತೆ ಇಳಿದಿದೆ! ಇ20 ಬಂದ ಮೇಲೆ ಬೆಂಚಿನ ಮೇಲೆ ಕಾಣುವ ಹೊಸ ವಿಚಿತ್ರ ಇದು. ಅದಕ್ಕೇ ನನ್ನ ಮಟ್ಟಿಗೆ ಕ್ರಮ ಸ್ಪಷ್ಟ: ಮೊದಲು ಬಾಟಲಿ ನಿಲ್ಲಿಸಿ ನೋಡಬೇಕು, ಆಮೇಲೆ ಜಾಡಿ. ಜಾಡಿಯೊಂದನ್ನೇ ನಂಬಿದವರು ನೀರಿನ ತಪ್ಪಿಗೆ ಸಾಲ್ವೆಂಟನ್ನು ದೂರುತ್ತಾರೆ.

ಇದರ ತಿರುವುಮುರುವು ಮೊಬೈಲಿನಲ್ಲಿ ಹರಿದಾಡುವ ವಿಡಿಯೋಗಳಲ್ಲಿದೆ. ಪೆಟ್ರೋಲಿಗೆ ನೀರು ಸುರಿದು, ಕುಲುಕಿ, ಉಬ್ಬಿದ ಕೆಳಪದರ ತೋರಿಸಿ ‘ನೋಡಿ ಕಲಬೆರಕೆ’ ಎನ್ನುತ್ತಾರೆ. ಅದು ಎಥೆನಾಲ್ ಅಳೆಯುವ ಪರೀಕ್ಷೆಯೇ ಹೊರತು ನೀರಿನದಲ್ಲ. ಅಳತೆಯ ಸಿಲಿಂಡರಿನಲ್ಲಿ 90 ಎಂ.ಎಲ್. ಇ20ಗೆ 10 ಎಂ.ಎಲ್. ನೀರು ಹಾಕಿ ಕುಲುಕಿದರೆ ಕೆಳಪದರ 27ರ ಹತ್ತಿರ ಬರಲೇಬೇಕು. ಬಾರದಿದ್ದರೆ ಅನುಮಾನಪಡಬೇಕು.

ಸಾಂದ್ರತೆಯ ಪರೀಕ್ಷೆಗೆ ಇನ್ನೊಂದು ದೊಡ್ಡ ಮಿತಿಯಿದೆ. 750ರ ಪೆಟ್ರೋಲಿಗೆ 800ರ ಸೀಮೆಎಣ್ಣೆ ನೂರಕ್ಕೆ ಹತ್ತು ಭಾಗ ಬೆರೆಸಿದರೆ 755 ಆಗುತ್ತದೆ, ಸಿಕ್ಕಿಬೀಳುತ್ತದೆ. ಅದೇ ಸೀಮೆಎಣ್ಣೆಯನ್ನು 830ರ ಡೀಸೆಲಿಗೆ ಅಷ್ಟೇ ಬೆರೆಸಿದರೆ 827, ವ್ಯತ್ಯಾಸ ಸರಿಯಾಗಿ 3. ಮಿತಿಯೊಳಗೇ ಇದೆ, ಕಲಬೆರಕೆಯೂ ಇದೆ. ಭಾರದ್ದಕ್ಕೆ ಹಗುರದ್ದನ್ನು ಸರಿದೂಗಿಸಿ ಬೆರೆಸುವ ಕೈಚಳಕದವರ ಮುಂದಂತೂ ಜಾಡಿ ಬೆಪ್ಪಾಗುತ್ತದೆ. ಬಂಕಿನ ಫಿಲ್ಟರ್ ಪೇಪರ್ ಇಲ್ಲಿ ಸ್ವಲ್ಪ ನೆರವಾಗುತ್ತದೆ: ನಳಿಕೆಯ ತುದಿ ಒರೆಸಿ ಒಂದು ಹನಿ ಪೆಟ್ರೋಲ್ ಬಿಟ್ಟರೆ ಎರಡು ನಿಮಿಷದಲ್ಲಿ ಆರಬೇಕು. ಎಣ್ಣೆಜಿಡ್ಡಿನ ಕಲೆ ಉಳಿದರೆ ಬೇಗ ಆವಿಯಾಗದ ಏನೋ ಅದರಲ್ಲಿದೆ. ತೆಳು ಬಣ್ಣ ಉಳಿದರೆ ಗಾಬರಿ ಬೇಡ, ಪೆಟ್ರೋಲಿಗೆ ಹಾಕಿದ ಬಣ್ಣವದು. ಡೀಸೆಲಿಗೆ ಈ ಪರೀಕ್ಷೆ ಒಗ್ಗದು. ಅದಕ್ಕಿಂತ ಮುಂದಿನದು, ಕಾಯಿಸಿ ಇಳಿಸಿ ನೋಡುವ ಬಟ್ಟಿ ಪರೀಕ್ಷೆ, ಆಕ್ಟೇನ್ ಅಳತೆ, ಎಲ್ಲ ಪ್ರಯೋಗಾಲಯದ್ದು.

ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ದೂರದ ಕಿಡಿಗೂ ತಲುಪುತ್ತದೆ. ಒಲೆ, ದೇವರ ದೀಪ, ಸ್ವಿಚ್ಚು ಇರುವ ಕೋಣೆಯಲ್ಲಿ ಈ ಕೆಲಸ ಕೂಡದು, ಅಂಗಳದ ನೆರಳೇ ಸರಿ. ಬಿಸಿ ಕಾವಲಿಯ ಮೇಲೆ ಹನಿ ಬಿಟ್ಟು ಚಿಟಚಿಟ ಸದ್ದು ಕೇಳಿ ನೀರು ಕಂಡುಹಿಡಿಯುವ ಉಪಾಯ ಇಂಜಿನ್ ಆಯಿಲಿನದು, ಇಲ್ಲಿ ಅದನ್ನು ಪ್ರಯೋಗಿಸಿದರೆ ಬೆಂಕಿ.

ಇನ್ನು ದೂರಿನ ವಿಷಯ. ಬೈಕಿನ ಟ್ಯಾಂಕಿನಿಂದ ತೆಗೆದ ಮಾದರಿಯನ್ನು ಹಿಡಿದುಕೊಂಡು ಹೋದರೆ ಬಂಕಿನವರು ಒಪ್ಪುವುದಿಲ್ಲ, ಅದರಲ್ಲಿ ನ್ಯಾಯವೂ ಇದೆ. ಟ್ಯಾಂಕ್ ಮುಚ್ಚಳದ ಕೆಳಗಿನ ನೀರು ಹರಿಯುವ ಸಣ್ಣ ತೂತು ಮಣ್ಣು ಕಟ್ಟಿಕೊಂಡರೆ, ಗಾಡಿ ತೊಳೆದ ನೀರೂ ಮಳೆಯ ನೀರೂ ಒಳಗೇ ಇಳಿಯುತ್ತವೆ. ಆದ್ದರಿಂದ ಅನುಮಾನ ಬಂದ ಕೂಡಲೇ ಬಿಲ್ಲು ಕೈಯಲ್ಲಿ ಹಿಡಿದು ಅದೇ ಬಂಕಿಗೆ ಹೋಗಿ, ನಳಿಕೆಯಿಂದಲೇ ನಿಮ್ಮೆದುರಿಗೆ ಜಾಡಿಗೆ ಬಿಡಿಸಿ. ಫಿಲ್ಟರ್ ಪೇಪರ್, ಜಾಡಿ, ಹೈಡ್ರೋಮೀಟರ್, ಥರ್ಮಾಮೀಟರ್, ಕೋಷ್ಟಕ ಇವನ್ನು ಗ್ರಾಹಕ ಕೇಳಿದಾಗ ಕೊಡುವುದು ಬಂಕಿನವರ ಹೊಣೆ. ವ್ಯತ್ಯಾಸ 3ನ್ನು ಮೀರಿದರೆ, ಅಥವಾ ತಳದಲ್ಲಿ ಪದರ ಕಂಡರೆ, ಅಲ್ಲಿಯೇ ದೂರು ಪುಸ್ತಕ ಕೇಳಿ ಉಷ್ಣಾಂಶ, ಓದಿದ ಅಂಕೆ, ಫಲಕದ ಅಂಕೆ ಮೂರನ್ನೂ ಬರೆಯಿರಿ. ಉಷ್ಣಾಂಶ ಬರೆಯದ ಡೆನ್ಸಿಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.