ಕುಕ್ಕರ್ ಕೂಗುವ ಮುನ್ನ, ಕೂಗಿದ ಮೇಲೆ

ತೊಗರಿಬೇಳೆ ಬೇಯಲು ಎಷ್ಟು ಕೂಗು ಬೇಕು? ಒಂದು ಮನೆಯಲ್ಲಿ ಮೂರು ಎನ್ನುತ್ತಾರೆ, ಪಕ್ಕದ ಮನೆಯಲ್ಲಿ ಐದು. ಎರಡೂ ಮನೆಗಳಲ್ಲಿ ಬೇಳೆ ಚೆನ್ನಾಗಿಯೇ ಬೇಯುತ್ತದೆ. ಏಕೆಂದರೆ ಬೇಳೆಗೆ ಬೇಕಾದದ್ದು ಕೂಗಲ್ಲ, ನೂರು ಡಿಗ್ರಿಗಿಂತ ಹೆಚ್ಚು ಬಿಸಿಯಾದ ನೀರಿನಲ್ಲಿ ಒಂದಿಷ್ಟು ನಿಮಿಷ. ಆ ಬಿಸಿಯನ್ನು ಕುಕ್ಕರ್ ಹೇಗೆ ತರುತ್ತದೆ ಎಂಬುದನ್ನು ಸಾರಿಗೆ ಬೇಳೆ ಬೇಯಿಸುವ ಕ್ರಮದಲ್ಲೇ, ಒಂದೊಂದು ಹೆಜ್ಜೆಯಾಗಿ ನೋಡೋಣ.

ಮೊದಲು ಮುಚ್ಚಳವನ್ನು ಬೆಳಕಿಗೆ ಹಿಡಿದು, ವೇಟ್ ಕೂರುವ ಕೊಳವೆಯ ತೂತಿನಲ್ಲಿ ಕಣ್ಣಾಡಿಸಬೇಕು. ಆಚೆಯ ಬೆಳಕು ಕಂಡರೆ ದಾರಿ ತೆರೆದಿದೆ. ಕಾಣದಿದ್ದರೆ ನಿನ್ನೆಯ ಬೇಳೆಯೋ ಅನ್ನದ ಗಂಜಿಯೋ ಅಲ್ಲಿ ಒಣಗಿ ಕೂತಿದೆ. ಕಡ್ಡಿ ತೂರಿಸಿ, ನೀರು ಬಿಟ್ಟು ತೊಳೆಯದೆ ಮುಂದೆ ಹೋಗಬಾರದು. ಆವಿ ಹೊರಗೆ ಹೋಗಲೆಂದೇ ಇಟ್ಟಿರುವ ದಾರಿ ಅದೊಂದೇ.

ಆಮೇಲೆ ಬೇಳೆ ಮತ್ತು ನೀರು. ಒಂದು ಲೋಟ ಬೇಳೆಗೆ ಮೂರು ಲೋಟ ನೀರು ಸಾಕು. ಎರಡೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಮೇಲೆ ಬರಬಾರದು. ತರಕಾರಿಗೆ ಮೂರರಲ್ಲಿ ಎರಡು ಪಾಲು ತುಂಬಿದರೂ ನಡೆಯುತ್ತದೆ, ಬೇಳೆಗೆ ಆಗದು. ಬೇಳೆಯ ಪ್ರೋಟೀನು ಮತ್ತು ಹಿಟ್ಟಿನಂಶ ಕುದಿಯುವಾಗ ನೊರೆಯಾಗಿ ಏರುತ್ತವೆ. ನೊರೆ ಮುಚ್ಚಳ ಮುಟ್ಟಿದರೆ ಆವಿಯ ದಾರಿಗೇ ನುಗ್ಗುತ್ತದೆ. ಅರ್ಧ ಚಮಚ ಎಣ್ಣೆ ಹಾಕುವುದು ಇದಕ್ಕೇ. ಎಣ್ಣೆ ನೊರೆಯ ಗುಳ್ಳೆಗಳನ್ನು ಒಡೆಯುತ್ತದೆ. ಹುಣಸೆಹಣ್ಣನ್ನು ಮಾತ್ರ ಈಗಲೇ ಹಾಕಬಾರದು. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ, ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಬೇಳೆ ಸತಾಯಿಸುವುದಕ್ಕೂ ಪೆಕ್ಟಿನ್ನೇ ಕಾರಣ. ನೀರಿನ ಸುಣ್ಣದಂಶ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

ಅನಂತರ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ನೋಡಿ ಮುಚ್ಚಳ ಹಾಕಿ, ದೊಡ್ಡ ಉರಿಯಲ್ಲಿಡಬೇಕು. ವೇಟ್ ಈಗಲೇ ಬೇಡ. ಸ್ವಲ್ಪ ಹೊತ್ತಿನಲ್ಲಿ ಕೊಳವೆಯಿಂದ ತೆಳ್ಳಗೆ, ತಡೆತಡೆದು ಆವಿ ಬರುತ್ತದೆ. ಅದರ ಜೊತೆಗೆ ಕುಕ್ಕರಿನೊಳಗಿದ್ದ ಗಾಳಿಯೂ ಹೊರಬೀಳುತ್ತಿದೆ. ಆವಿ ಒಂದೇ ಸಮನೆ ಬುಸುಗುಟ್ಟುತ್ತ ಬರತೊಡಗಿದಾಗ ಗಾಳಿ ಬಹುಮಟ್ಟಿಗೆ ಖಾಲಿಯಾಗಿದೆ ಎಂದು ತಿಳಿಯಬಹುದು. ವೇಟ್ ಇಡಬೇಕಾದದ್ದು ಆಗ.

ಇಷ್ಟು ಕಾಯುವುದೇಕೆ? ಒಳಗಿನ ಒತ್ತಡದಲ್ಲಿ ಗಾಳಿಯದೂ ಒಂದು ಪಾಲು, ಆವಿಯದೂ ಒಂದು ಪಾಲು. ವೇಟ್ ಏಳುವುದು ಎರಡೂ ಸೇರಿದ ಒತ್ತಡಕ್ಕೆ. ಆದರೆ ಒಳಗಿನ ಬಿಸಿ ಎಷ್ಟು ಏರಿದೆ ಎಂಬುದನ್ನು ತೋರಿಸುವುದು ಆವಿಯ ಪಾಲು ಮಾತ್ರ. ಗಾಳಿ ಒಳಗೇ ಉಳಿದಿದ್ದರೆ, ನೀರು ಬೇಕಾದಷ್ಟು ಕಾಯುವ ಮೊದಲೇ ಕುಕ್ಕರ್ ಕೂಗಿಬಿಡುತ್ತದೆ. ವೇಟನ್ನು ಮೊದಲೇ ಹಾಕಿಟ್ಟವರಲ್ಲೂ ಮುಂದಿನ ಕೂಗುಗಳೊಡನೆ ಗಾಳಿ ಹೊರಗೆ ಹೋಗುತ್ತದೆ, ಅಡುಗೆಯೂ ಆಗುತ್ತದೆ. ಅವರು ಎಣಿಸಿದ ಮೊದಲ ಕೂಗು ಮಾತ್ರ ಲೆಕ್ಕಕ್ಕೆ ಬಾರದ ಕೂಗು.

ವೇಟ್ ಇಟ್ಟ ಮೇಲೆ ಆವಿಗೆ ದಾರಿಯಿಲ್ಲ, ಒತ್ತಡ ಏರುತ್ತದೆ. ಎಲ್ಲಿಯವರೆಗೆ ಏರಬಹುದು ಎಂಬುದನ್ನು ಆ ಪುಟ್ಟ ವೇಟೇ ನಿರ್ಧರಿಸುತ್ತದೆ. ಕೊಳವೆಯ ತೂತಿನ ವ್ಯಾಸ 3 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 0.07 ಚದರ ಸೆಂಟಿಮೀಟರ್. ಹೊರಗಿನ ಗಾಳಿಗಿಂತ ಒಳಗೆ ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡ ಹೆಚ್ಚಿದಾಗ, ಆ ತೂತಿನ ಮೇಲೆ ಬೀಳುವ ನೂಕು 70 ಗ್ರಾಂ. ಹಾಗಾಗಿ 70 ಗ್ರಾಂ ತೂಗುವ ವೇಟ್ ಅಲ್ಲಿಯವರೆಗೆ ಕದಲದೆ ಕೂತು, ಅದನ್ನು ದಾಟಿದೊಡನೆ ಮೇಲೇಳುತ್ತದೆ. ಆವಿ ಚಿಮ್ಮಿ ಒತ್ತಡ ಕೊಂಚ ಇಳಿದಾಗ ಮತ್ತೆ ಕೂರುತ್ತದೆ. ಒಂದು ಕೂಗು ಎಂದರೆ ಇಷ್ಟೇ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿಮುಚ್ಚಳದ ಪಾತ್ರೆಯನ್ನು ತೋರಿಸಿದ. ಆವಿಯ ದಾರಿಯ ಮೇಲೆ ತೂಕವಿಟ್ಟು ಒತ್ತಡಕ್ಕೆ ಮಿತಿ ಹಾಕುವ ಉಪಾಯವೂ ಅವನದೇ.

ಈ ಒತ್ತಡದಲ್ಲಿ ನೀರು ಮಂಗಳೂರಿನಂಥ ಕಡಲ ತೀರದಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಒಳಗಿನ ಬಿಸಿ 118ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತೆರೆದ ಪಾತ್ರೆಯಲ್ಲಾದರೆ ಬೆಂಗಳೂರಿನ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಕ್ಕಾಲು ಗಂಟೆ ತಗಲುವ ಬೇಳೆ ಕುಕ್ಕರಿನಲ್ಲಿ ಹತ್ತು ನಿಮಿಷಕ್ಕೆ ಬೇಯುವುದು ಈ ಇಪ್ಪತ್ತು ಡಿಗ್ರಿ ವ್ಯತ್ಯಾಸದಿಂದ.

ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಪೂರ್ತಿ ಸಣ್ಣಗೆ ಮಾಡಬೇಕು. ಅಲ್ಲಿಂದ ಮುಂದೆ ಎಣಿಸಬೇಕಾದದ್ದು ಕೂಗಲ್ಲ, ನಿಮಿಷ. ದೊಡ್ಡ ಉರಿಯಲ್ಲೇ ಬಿಟ್ಟರೆ ನಿಮಿಷಕ್ಕೊಂದರಂತೆ ಕೂಗಬಹುದು, ಆದರೆ ಒಳಗಿನ ಬಿಸಿ ಒಂದು ಡಿಗ್ರಿಯೂ ಹೆಚ್ಚುವುದಿಲ್ಲ. ವೇಟ್ ಅದನ್ನು ಏರಗೊಡುವುದಿಲ್ಲ. ಹೆಚ್ಚಾಗಿ ಕೊಟ್ಟ ಗ್ಯಾಸೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ, ಜೊತೆಗೆ ಬೇಳೆಯ ನೀರೂ ಚಿಮ್ಮಿ ಮುಚ್ಚಳವೆಲ್ಲ ಹಳದಿಯಾಗುತ್ತದೆ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ತೊಗರಿಬೇಳೆ ಬೆಂದಿರುತ್ತದೆ. ಅಷ್ಟರಲ್ಲಿ ಕುಕ್ಕರ್ ಒಮ್ಮೆ ಕೂಗಲಿ, ಕೂಗದೆಯೇ ಸಣ್ಣಗೆ ಉಸಿರಾಡುತ್ತಿರಲಿ, ಚಿಂತೆಯಿಲ್ಲ.

ಬಳಿಕ ಉರಿ ಆರಿಸಿ ಸುಮ್ಮನೆ ಬಿಡಬೇಕು. ಅವಸರದ ಅಪಾಯ ಇರುವುದು ಈ ಹಂತದಲ್ಲಿ. ಒಳಗಿನ ನೀರು ಒತ್ತಡದ ಬಲದಿಂದಷ್ಟೇ 118 ಡಿಗ್ರಿಯಲ್ಲೂ ನೀರಾಗಿ ಉಳಿದಿದೆ. ಒತ್ತಡ ಒಮ್ಮೆಲೇ ಹೋದರೆ ಅದು 97 ಡಿಗ್ರಿಗೆ ಇಳಿಯಲೇಬೇಕು. ಹಾಗೆ ಇಳಿಯುವಾಗ ಬಿಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸುತ್ತದೆ. ಒಳಗೆ ಒಂದು ಲೀಟರ್ ನೀರಿದ್ದರೆ ಅದರಲ್ಲಿ ಸುಮಾರು 40 ಗ್ರಾಂ ಕ್ಷಣದಲ್ಲಿ ಆವಿಯಾಗಿ, 70 ಲೀಟರಿನಷ್ಟು ಜಾಗ ಕೇಳುತ್ತದೆ. ಮುಚ್ಚಳವನ್ನು ಬಲವಂತವಾಗಿ ತೆಗೆದವರ ಮುಖಕ್ಕೆ ಬಿಸಿ ಬೇಳೆ ಎರಚುವುದು ಹೀಗೆ. ಹತ್ತು ನಿಮಿಷ ಕಾದರೆ ಶಾಖ ಪಾತ್ರೆಯ ಗೋಡೆಯಿಂದ ಮೆಲ್ಲಗೆ ಹೊರಗೆ ಹೋಗುತ್ತದೆ, ಅಷ್ಟು ಹೊತ್ತೂ ಬೇಳೆ ಇನ್ನಷ್ಟು ಮೆತ್ತಗಾಗುತ್ತದೆ. ಕೊನೆಗೆ ವೇಟನ್ನು ತುಸುವೇ ಎತ್ತಿ ನೋಡಬೇಕು. ಬುಸ್ ಎನ್ನದಿದ್ದರೆ ಮಾತ್ರ ಮುಚ್ಚಳಕ್ಕೆ ಕೈ.

ಕೆಲವು ದಿನ ಎಷ್ಟು ಹೊತ್ತಾದರೂ ಕೂಗು ಬರುವುದಿಲ್ಲ. ಆಗ ಕಣ್ಣು ಮುಚ್ಚಳದ ಅಂಚಿಗೆ ಹೋಗಬೇಕು. ಅಲ್ಲಿಂದ ಆವಿ ಸೋರುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ ಅಥವಾ ರಬ್ಬರ್ ಗಡುಸಾಗಿ ಬಿರುಕು ಬಿಟ್ಟಿದೆ, ಹೊಸದು ಹಾಕಬೇಕು. ಅಂಚಿನಲ್ಲೂ ಆವಿಯಿಲ್ಲ, ವೇಟಿನ ಬಳಿಯೂ ಸದ್ದಿಲ್ಲ, ಉರಿ ಮಾತ್ರ ಜೋರಾಗಿದೆ ಎಂದಾದರೆ ತೂತು ಕಟ್ಟಿದೆ ಅಥವಾ ನೀರು ಮುಗಿದಿದೆ. ತಕ್ಷಣ ಉರಿ ಆರಿಸಿ, ವೇಟನ್ನೂ ಮುಟ್ಟದೆ ಪೂರ್ತಿ ತಣಿಯಲು ಬಿಡಬೇಕು. ಇಂಥ ಹೊತ್ತಿಗೆಂದೇ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇದೆ. ಅದರ ನಡುವಿನ ಮಿಶ್ರಲೋಹ ಮಿತಿಮೀರಿದ ಬಿಸಿಗೆ ಕರಗಿ ಆವಿಗೆ ಎರಡನೆಯ ದಾರಿ ಬಿಡುತ್ತದೆ. ಒಮ್ಮೆ ಕರಗಿದ ವಾಲ್ವನ್ನು ಬೇರೇನಾದರೂ ತುರುಕಿ ಮುಚ್ಚಬಾರದು. ಅದೇ ಕಂಪನಿಯ, ಅದೇ ಮಾದರಿಯ ಹೊಸ ವಾಲ್ವ್ ಹಾಕಿಸಬೇಕು. ವಾಲ್ವ್ ಹೋಯಿತೆಂದರೆ ಅದಕ್ಕಿಂತ ಮೊದಲೇ ತೂತೋ ನೀರೋ ತಪ್ಪಿದೆ ಎಂದರ್ಥ. ಹಾಗಾಗಿ ಹೊಸ ವಾಲ್ವ್ ಹಾಕಿಸಿದ ದಿನವೂ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ, ನೀರು ಅಳೆದೇ ಹಾಕಬೇಕು.